ಘನತ್ಯಾಜ್ಯ ನಿರ್ವಹಣಾ ನಿಯಮಗಳು: ಯಾವ ಕರ್ತವ್ಯ ಯಾರದು ಎಂಬ ಎಳೆ ಹಿಡಿದು ಪುನರಾವರ್ತನೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಅಭ್ಯಾಸ ಉತ್ತರಗಳನ್ನು ತಿದ್ದುವಾಗ ನನಗೆ ಪದೇ ಪದೇ ಕಾಣುವ ತಪ್ಪು ಒಂದೇ. ಘನತ್ಯಾಜ್ಯ ನಿಯಮಗಳ ಅಂಶಗಳು ಅವರಿಗೆ ನೆನಪಿರುತ್ತವೆ, ಆದರೆ ಆ ಕರ್ತವ್ಯ ಯಾರದು ಎಂಬುದು ಅದಲುಬದಲಾಗಿರುತ್ತದೆ. ಜಾಗ ಗುರುತಿಸಿಕೊಡಬೇಕಾದ ಜಿಲ್ಲಾಧಿಕಾರಿಯ ಕೆಲಸ ಪುರಸಭೆಯ ಪಾಲಿಗೆ ಬಂದಿರುತ್ತದೆ, ಪುರಸಭೆ ರಚಿಸಬೇಕಾದ ಉಪವಿಧಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ತಲೆಗೆ ಕಟ್ಟಿರುತ್ತಾರೆ. ಹೇಳಿಕೆ ಮಾದರಿಯ ಪ್ರಶ್ನೆಗಳಲ್ಲಿ ಅಂಕ ಹೋಗುವುದು ಇಲ್ಲಿಯೇ. ಆದ್ದರಿಂದ ನಿಯಮಗಳನ್ನು ಸಂಖ್ಯೆಯ ಕ್ರಮದಲ್ಲಿ ಬಾಯಿಪಾಠ ಮಾಡುವ ಬದಲು, ಕಸ ಮನೆಯಿಂದ ಹೊರಟು ಕೊನೆಗೆ ನೆಲ ಸೇರುವವರೆಗೆ ಯಾವ ಹಂತದಲ್ಲಿ ಯಾರ ಕೈಯಲ್ಲಿರುತ್ತದೆ ಎಂದು ಕೇಳಿಕೊಳ್ಳುತ್ತ ಓದುವ ಕ್ರಮವನ್ನು ಈ ಟಿಪ್ಪಣಿಯಲ್ಲಿ ಕೊಟ್ಟಿದ್ದೇನೆ.

ಮೊದಲ ಹಂತ: ಮೂರು ವರ್ಷಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ

ಈ ವಿಷಯದಲ್ಲಿ ನೆನಪಿಡಬೇಕಾದ ಮೂರು ವರ್ಷಗಳೆಂದರೆ 2000, 2016 ಮತ್ತು 2026. ನಗರಗಳ ಕಸದ ದುಃಸ್ಥಿತಿಯ ಬಗ್ಗೆ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಹಿನ್ನೆಲೆಯಲ್ಲಿ 2000ದಲ್ಲಿ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. ಅವುಗಳ ಸ್ಥಾನದಲ್ಲಿ 2016ರ ಏಪ್ರಿಲ್ 8ರಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರಕಟವಾದವು. ಹೆಸರಿನಿಂದ 'ಪುರಸಭಾ' ಎಂಬ ಪದ ಬಿಟ್ಟುಹೋದದ್ದನ್ನು ಗಮನಿಸಿ. ನಿಯಮಗಳ ವ್ಯಾಪ್ತಿ ನಗರ ಸ್ಥಳೀಯ ಸಂಸ್ಥೆಗಳ ಗಡಿ ದಾಟಿ ಜನಗಣತಿ ಪಟ್ಟಣ, ಕೈಗಾರಿಕಾ ಟೌನ್‌ಶಿಪ್, ರೈಲ್ವೆ, ವಿಮಾನ ನಿಲ್ದಾಣ, ಬಂದರು, ಯಾತ್ರಾಸ್ಥಳಗಳವರೆಗೆ ಹರಡಿದ್ದರ ಗುರುತು ಅದು. ಈಗ 2026ರ ನಿಯಮಗಳು 2016ರವನ್ನು ರದ್ದುಪಡಿಸಿ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ.

ಹಳೆಯ ಪ್ರಶ್ನೆಪತ್ರಿಕೆಗಳೂ ಮಾರುಕಟ್ಟೆಯಲ್ಲಿರುವ ಬಹುತೇಕ ಪುಸ್ತಕಗಳೂ 2016ರ ನಿಯಮಗಳ ಮೇಲೆಯೇ ನಿಂತಿರುವುದರಿಂದ ಅವನ್ನು ಕೈಬಿಡುವಂತಿಲ್ಲ, ಮುಂದಿನ ಪರೀಕ್ಷೆಗಳಲ್ಲಿ ಬದಲಾವಣೆಯನ್ನೇ ಕೇಳುವ ಸಾಧ್ಯತೆ ಇರುವುದರಿಂದ 2026ರವನ್ನು ಬಿಡುವಂತೆಯೂ ಇಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ 2016, ಬಲಪುಟದಲ್ಲಿ 2026 ಎಂದು ಬರೆದುಕೊಂಡು, ಬದಲಾದ ಅಂಶ ಸಿಕ್ಕಾಗಲೆಲ್ಲ ಬಲಪುಟ ತುಂಬುತ್ತ ಹೋಗುವುದು ನಾನು ಕಂಡ ಅತ್ಯಂತ ಉಪಯುಕ್ತ ಪದ್ಧತಿ. ಪ್ರಶ್ನೆಯಲ್ಲಿ ವರ್ಷವನ್ನು ಹೆಸರಿಸಿದ್ದರೆ ಆ ವರ್ಷದ ನಿಯಮಕ್ಕೇ ಉತ್ತರಿಸಬೇಕು.

ಈ ಎಲ್ಲ ನಿಯಮಗಳ ತಾಯಿಬೇರು ಪರಿಸರ (ಸಂರಕ್ಷಣಾ) ಕಾಯ್ದೆ, 1986. ಅಂದರೆ ನಿಯಮ ಮಾಡುವುದು ಕೇಂದ್ರ ಸರ್ಕಾರ, ಜಾರಿ ಮಾಡಬೇಕಾದದ್ದು ಊರಿನ ಸ್ಥಳೀಯ ಸಂಸ್ಥೆ. ಈ ಎರಡನ್ನು ಬೆಸೆಯುವ ಕೊಂಡಿ ಸಂವಿಧಾನದ 74ನೇ ತಿದ್ದುಪಡಿ. 243ಡಬ್ಲ್ಯೂ ವಿಧಿಯ ಅಡಿಯ 12ನೇ ಅನುಸೂಚಿಯಲ್ಲಿ 6ನೇ ವಿಷಯವಾಗಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ ಬರುತ್ತದೆ. ಪಂಚಾಯಿತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯಲ್ಲಿ ಇರುವುದು 'ಆರೋಗ್ಯ ಮತ್ತು ನೈರ್ಮಲ್ಯ' ಎಂಬ ವಿಶಾಲ ವಿಷಯ ಮಾತ್ರ, 'ಘನತ್ಯಾಜ್ಯ' ಎಂಬ ಪದ ಅಲ್ಲಿಲ್ಲ. ಪಿಡಿಒ ಹುದ್ದೆಯ ಪರೀಕ್ಷೆಗೆ ಓದುವವರು ಈ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯ ಹಂತ: ಕಸ ಮನೆಯವರ ಕೈಯಲ್ಲಿರುವಾಗ

ಬೆಳಿಗ್ಗೆ ಆರೂವರೆಗೆ ನಮ್ಮ ಬೀದಿಗೆ ಆಟೋ ಟಿಪ್ಪರ್ ಬರುತ್ತದೆ. ಮನೆಯೊಂದರಿಂದ ಬಂದ ಕವರನ್ನು ಪೌರಕಾರ್ಮಿಕ ಮಹಿಳೆ ಬಿಚ್ಚಿದಾಗ ರಾತ್ರಿಯ ಅನ್ನ, ಹಾಲಿನ ಪ್ಯಾಕೆಟ್, ಸುದ್ದಿಪತ್ರಿಕೆಯಲ್ಲಿ ಸುತ್ತಿದ ಸ್ಯಾನಿಟರಿ ಪ್ಯಾಡ್, ಅವಧಿ ಮುಗಿದ ಮಾತ್ರೆಗಳ ಪಟ್ಟಿ, ಉರಿದುಹೋದ ಒಂದು ಸಿಎಫ್‌ಎಲ್ ಬಲ್ಬು ಎಲ್ಲವೂ ಒಟ್ಟಿಗೆ ಹೊರಬೀಳುತ್ತವೆ. ಈ ಒಂದು ಕವರನ್ನು ಎರಡೂ ನಿಯಮಗಳ ಪ್ರಕಾರ ವಿಂಗಡಿಸಿ ನೋಡಿದರೆ ತ್ಯಾಜ್ಯ ಉತ್ಪಾದಕರ ಕರ್ತವ್ಯ ಎಂಬ ಅಧ್ಯಾಯದ ಮುಖ್ಯಭಾಗ ಮನಸ್ಸಿಗೆ ಬರುತ್ತದೆ.

2016ರ ನಿಯಮ 4ರ ಪ್ರಕಾರ ವಿಂಗಡಣೆ ಮೂರು ಬಗೆ: ಕೊಳೆಯುವ ಕಸ, ಕೊಳೆಯದ ಕಸ ಮತ್ತು ಮನೆಯ ಅಪಾಯಕಾರಿ ಕಸ. ಅನ್ನ ಮೊದಲನೆಯದಕ್ಕೆ, ಹಾಲಿನ ಪ್ಯಾಕೆಟ್ ಎರಡನೆಯದಕ್ಕೆ, ಮಾತ್ರೆಗಳೂ ಬಲ್ಬೂ ಮೂರನೆಯದಕ್ಕೆ ಸೇರುತ್ತವೆ. ಪ್ಯಾಡ್ ಎಲ್ಲಿಗೆ ಎಂಬಲ್ಲಿ ಬಹಳಷ್ಟು ಅಭ್ಯರ್ಥಿಗಳು ಎಡವುತ್ತಾರೆ. ಅದನ್ನು ಅಪಾಯಕಾರಿ ಕಸ ಎಂದು ಊಹಿಸುವುದು ಸಹಜ, ಆದರೆ 2016ರ ನಿಯಮ ಹೇಳಿದ್ದು ಅದನ್ನು ಭದ್ರವಾಗಿ ಸುತ್ತಿ ಒಣ ಕಸದ ಬುಟ್ಟಿಗೆ ಹಾಕಬೇಕು ಎಂದು. ಒಣ ಕಸವನ್ನು ಕೈಯಿಂದ ಆರಿಸುವ ಕಾರ್ಮಿಕರಿಗೆ ಇದರಿಂದ ಆಗುತ್ತಿದ್ದ ತೊಂದರೆ ಎಂಥದೆಂದು ಆ ಬೀದಿಯಲ್ಲಿ ಐದು ನಿಮಿಷ ನಿಂತವರಿಗೆ ಅರ್ಥವಾಗುತ್ತದೆ. 2026ರ ನಿಯಮಗಳು ವಿಂಗಡಣೆಯನ್ನು ನಾಲ್ಕು ಬಗೆಗೆ ಏರಿಸಿವೆ: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಮತ್ತು ವಿಶೇಷ ಆರೈಕೆಯ ಕಸ. ಪ್ಯಾಡ್ ಮತ್ತು ಡೈಪರ್‌ಗಳಿಗೆ ಈಗ ತಮ್ಮದೇ ಆದ ಬುಟ್ಟಿ ಇದೆ. ಬಲ್ಬು, ಔಷಧಿ, ಬಣ್ಣದ ಡಬ್ಬಿಗಳು ವಿಶೇಷ ಆರೈಕೆಯ ಗುಂಪಿಗೆ ಬಂದಿವೆ. ಬಲಪುಟದ ಮೊದಲ ಸಾಲು ಇದೇ ಆಗಿರಲಿ.

ಕಸವನ್ನು ಬೀದಿಗೆ ಎಸೆಯದಿರುವುದು, ಸುಡದಿರುವುದು, ಹೂಳದಿರುವುದು, ಬಳಕೆದಾರರ ಶುಲ್ಕ ಕಟ್ಟುವುದು ಇವೂ ಉತ್ಪಾದಕರ ಕರ್ತವ್ಯಗಳೇ. ಇವುಗಳ ಜೊತೆಗೆ ಒಂದು ಸಣ್ಣ ಅಂಶ ಬಹುಆಯ್ಕೆ ಪ್ರಶ್ನೆಗೆ ಹೇಳಿಮಾಡಿಸಿದಂತಿದೆ: 2016ರ ನಿಯಮದಂತೆ ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ನಡೆಸುವವರು ಕನಿಷ್ಠ 3 ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ಆಯ್ಕೆಗಳಲ್ಲಿ ಇದನ್ನು ಪೊಲೀಸ್ ಠಾಣೆ ಅಥವಾ ಜಿಲ್ಲಾಧಿಕಾರಿ ಎಂದು ತಿರುಚಿರುವ ಸಾಧ್ಯತೆ ಇದ್ದೇ ಇದೆ.

ಮೂರನೆಯ ಹಂತ: ದೊಡ್ಡ ಪ್ರಮಾಣದ ಉತ್ಪಾದಕರನ್ನು ಲೆಕ್ಕ ಹಾಕಿ ಗುರುತಿಸಿ

ಎರಡು ನಿಯಮಗಳ ನಡುವೆ ಅತಿ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 2016ರ ನಿಯಮದಲ್ಲಿ ಅಳತೆಗೋಲು ಒಂದೇ: ಎಲ್ಲ ಬಗೆಯ ಕಸ ಸೇರಿ ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚಾದರೆ ಅದು ದೊಡ್ಡ ಪ್ರಮಾಣದ ಉತ್ಪಾದಕ. 2026ರಲ್ಲಿ ಅಳತೆಗೋಲು ಮೂರಾಗಿವೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು, ನೀರಿನ ಬಳಕೆ ದಿನಕ್ಕೆ 40,000 ಲೀಟರ್ ಅಥವಾ ಹೆಚ್ಚು, ಕಸ ದಿನಕ್ಕೆ 100 ಕಿಲೋ ಅಥವಾ ಹೆಚ್ಚು. ಈ ಮೂರರಲ್ಲಿ ಯಾವುದಾದರೂ ಒಂದು ಮುಟ್ಟಿದರೆ ಸಾಕು.

ಒಂದು ಉದಾಹರಣೆಯನ್ನು ಬಿಡಿಸೋಣ. 80 ಮನೆಗಳ ಅಪಾರ್ಟ್‌ಮೆಂಟ್ ಒಂದರಲ್ಲಿ 300 ಜನ ಇದ್ದಾರೆ, ತಲಾ ದಿನಕ್ಕೆ 300 ಗ್ರಾಂ ಕಸ ಹುಟ್ಟುತ್ತದೆ ಎಂದುಕೊಳ್ಳಿ. ಒಟ್ಟು 90 ಕಿಲೋ. 2016ರ ಅಳತೆಯಂತೆ ಇದು ದೊಡ್ಡ ಪ್ರಮಾಣದ ಉತ್ಪಾದಕ ಅಲ್ಲ. ಈಗ ನೀರಿನ ಲೆಕ್ಕ ಹಾಕಿ: ನಗರ ನೀರು ಪೂರೈಕೆಯಲ್ಲಿ ಬಳಸುವ ತಲಾ 135 ಲೀಟರ್ ಮಾನದಂಡವನ್ನೇ ಹಿಡಿದರೆ 300 ಜನಕ್ಕೆ 40,500 ಲೀಟರ್ ಆಗುತ್ತದೆ. ಅದೇ ಕಟ್ಟಡ, ಅದೇ ಜನ, ಅದೇ 90 ಕಿಲೋ ಕಸ. ಆದರೂ 2026ರ ನಿಯಮದಲ್ಲಿ ಅದು ದೊಡ್ಡ ಪ್ರಮಾಣದ ಉತ್ಪಾದಕ. ಕಸವನ್ನು ನಿತ್ಯ ತೂಗುವವರು ವಿರಳ, ಆದ್ದರಿಂದ 100 ಕಿಲೋ ದಾಟಿಲ್ಲ ಎಂದು ಹೇಳಿ ನುಣುಚಿಕೊಳ್ಳುವುದು ಸುಲಭವಿತ್ತು. ನೀರಿನ ಮೀಟರ್ ಮತ್ತು ಕಟ್ಟಡದ ನಕ್ಷೆ ದಾಖಲೆಯಲ್ಲಿ ಇರುವಂಥವು. ಮುಖ್ಯ ಪರೀಕ್ಷೆಯಲ್ಲಿ 'ಬದಲಾವಣೆಯ ಮಹತ್ವ ವಿವರಿಸಿ' ಎಂದು ಕೇಳಿದರೆ ಈ ಲೆಕ್ಕವನ್ನು ಎರಡು ಸಾಲಿನಲ್ಲಿ ಬರೆದುಬಿಡಿ.

ಹೀಗೆ ಗುರುತಾದವರ ಮೇಲೆ 2026ರ ನಿಯಮಗಳು ವಿಸ್ತೃತ ಹೊಣೆಗಾರಿಕೆಯನ್ನು ಹೊರಿಸುತ್ತವೆ. ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲಿಯೇ ಸಂಸ್ಕರಿಸಬೇಕು, ಅದು ಸಾಧ್ಯವಾಗದಿದ್ದಲ್ಲಿ ಹೊಣೆಗಾರಿಕೆಯ ಪ್ರಮಾಣಪತ್ರ ಪಡೆಯಬೇಕು.

ನಾಲ್ಕನೆಯ ಹಂತ: ಕಸ ಸ್ಥಳೀಯ ಸಂಸ್ಥೆಯ ಕೈಗೆ ಬಂದಾಗ

ಆಟೋ ಟಿಪ್ಪರ್‌ಗೆ ಬಿದ್ದ ಕ್ಷಣದಿಂದ ಹೊಣೆ ಪುರಸಭೆಯದು. 2016ರ ನಿಯಮ 15 ಎಲ್ಲಕ್ಕಿಂತ ಉದ್ದವಾದದ್ದು, ಅದರ ಉಪಖಂಡಗಳನ್ನು ಅಕ್ಷರಕ್ರಮದಲ್ಲಿ ನೆನಪಿಡಲು ಹೊರಟವರು ಅರ್ಧದಲ್ಲೇ ಸೋಲುತ್ತಾರೆ. ಕಾಗದದ ಕೆಲಸ ಮತ್ತು ಬೀದಿಯ ಕೆಲಸ ಎಂದು ಎರಡಾಗಿ ಒಡೆದುಕೊಂಡರೆ ಅದು ಹಿಡಿತಕ್ಕೆ ಸಿಗುತ್ತದೆ.

ಕಾಗದದ ಕೆಲಸದಲ್ಲಿ ಮೊದಲು ಬರುವುದು ಯೋಜನೆ. ರಾಜ್ಯ ಸರ್ಕಾರ ಘನತ್ಯಾಜ್ಯ ನೀತಿ ಪ್ರಕಟಿಸಿದ 6 ತಿಂಗಳೊಳಗೆ ಸ್ಥಳೀಯ ಸಂಸ್ಥೆ ತನ್ನ ಘನತ್ಯಾಜ್ಯ ಯೋಜನೆ ಸಿದ್ಧಪಡಿಸಬೇಕು. ನಿಯಮಗಳು ಪ್ರಕಟವಾದ 1 ವರ್ಷದೊಳಗೆ ಉಪವಿಧಿಗಳನ್ನು ರಚಿಸಬೇಕು. ಬಳಕೆದಾರರ ಶುಲ್ಕ ಎಷ್ಟು, ಬೀದಿಗೆ ಕಸ ಎಸೆದವರಿಗೆ ಸ್ಥಳದಲ್ಲೇ ದಂಡ ಎಷ್ಟು ಎಂಬುದನ್ನು ತೀರ್ಮಾನಿಸುವುದು ಈ ಉಪವಿಧಿಗಳ ಮೂಲಕವೇ. ಅಂದರೆ ಶುಲ್ಕ ವಿಧಿಸುವ ಅಧಿಕಾರದ ಮೂಲ ಕೇಂದ್ರದ ನಿಯಮದಲ್ಲಿದ್ದರೂ ಮೊತ್ತವನ್ನು ಗೊತ್ತುಮಾಡುವುದು ಊರಿನ ಸಂಸ್ಥೆ. ಎಲ್ಲ ಊರುಗಳಿಗೂ ಒಂದೇ ಶುಲ್ಕ ಎಂಬ ಹೇಳಿಕೆ ಬಂದರೆ ಅದು ತಪ್ಪು.

ಬೀದಿಯ ಕೆಲಸದಲ್ಲಿ ಮೊದಲನೆಯದು ಕೊಳೆಗೇರಿಗಳೂ ಸೇರಿದಂತೆ ಮನೆ ಮನೆಯಿಂದ ವಿಂಗಡಿಸಿದ ಕಸದ ಸಂಗ್ರಹ. ಕೊಳೆಗೇರಿ ಎಂಬ ಪದ ನಿಯಮದಲ್ಲಿಯೇ ಇದೆ, ಉತ್ತರದಲ್ಲಿ ಅದನ್ನು ಬಿಡಬೇಡಿ. ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ತರುವುದು, ಸ್ವಸಹಾಯ ಗುಂಪುಗಳ ರಚನೆಗೆ ಅನುವು ಮಾಡಿಕೊಡುವುದು, ಗುಡಿಸಿದ ಎಲೆಗಳನ್ನು ರಸ್ತೆಬದಿಯಲ್ಲಿ ಸುಡದಂತೆ ನೋಡಿಕೊಳ್ಳುವುದು, ಒಣ ಕಸವನ್ನು ಬೇರ್ಪಡಿಸುವ ಕೇಂದ್ರಗಳನ್ನು ಸ್ಥಾಪಿಸುವುದು ಇದರ ಮುಂದುವರಿಕೆ. ಆ ಕೇಂದ್ರಗಳಲ್ಲಿ ಬುಟ್ಟಿಗಳ ಬಣ್ಣ ಕೊಳೆಯುವ ಕಸಕ್ಕೆ ಹಸಿರು, ಮರುಬಳಕೆಯದಕ್ಕೆ ಬಿಳಿ, ಉಳಿದದ್ದಕ್ಕೆ ಕಪ್ಪು. ಬೆಂಗಳೂರಿನಲ್ಲಿ ಬಳಕೆಗೆ ಬಂದ ಎರಡು ಬುಟ್ಟಿ ಒಂದು ಚೀಲದ ಪದ್ಧತಿಯಲ್ಲಿ ಹಸಿರು, ಕೆಂಪು ಬುಟ್ಟಿಗಳಿರುವುದರಿಂದ ನಮ್ಮ ಅಭ್ಯರ್ಥಿಗಳು ಕಣ್ಣಿನ ನೆನಪಿನಿಂದ ಕೆಂಪು ಎಂದು ಬರೆದು ಬರುತ್ತಾರೆ. ಪರೀಕ್ಷೆಯಲ್ಲಿ ನಿಯಮದ ಬಣ್ಣವೇ ಸರಿಯುತ್ತರ.

ಮನೆಯ ಅಪಾಯಕಾರಿ ಕಸಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ಸಂಗ್ರಹ ಕೇಂದ್ರ ಇರಬೇಕು. 'ಅಥವಾ ಅದರ ಭಾಗಕ್ಕೆ' ಎಂಬ ಮಾತು ಲೆಕ್ಕದ ಪ್ರಶ್ನೆಗೆ ದಾರಿಮಾಡುತ್ತದೆ: 45 ಚದರ ಕಿಲೋಮೀಟರ್ ಇರುವ ಊರಿಗೆ ಬೇಕಾದದ್ದು 2 ಅಲ್ಲ, 3 ಕೇಂದ್ರ. ಕಸ ಮುಟ್ಟುವ ಕಾರ್ಮಿಕರಿಗೆ ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ರೇನ್‌ಕೋಟ್, ತಕ್ಕ ಪಾದರಕ್ಷೆ, ಮಾಸ್ಕ್ ಸಿಗುವಂತೆ ನೋಡಿಕೊಳ್ಳುವುದೂ ನಿಯಮದ ಮಾತೇ. ಗುತ್ತಿಗೆದಾರ ಕೊಡಬೇಕಾದದ್ದಾದರೂ ಕೊಟ್ಟಿದ್ದಾನೆಯೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ಸ್ಥಳೀಯ ಸಂಸ್ಥೆಯ ಮೇಲೆ ಉಳಿಯುತ್ತದೆ.

ಐದನೆಯ ಹಂತ: ಪುರಸಭೆಯ ಕೈಮೀರಿದ ಕೆಲಸಗಳು

ಸಂಸ್ಕರಣೆಗೆ ಜಾಗ ಬೇಕು. ತಕ್ಕ ಜಾಗ ಗುರುತಿಸಿ ಹಂಚಿಕೊಡಲು ನೆರವಾಗುವುದು 2016ರ ನಿಯಮ 12ರಂತೆ ಜಿಲ್ಲಾಧಿಕಾರಿಯ ಕರ್ತವ್ಯ, ಅದಕ್ಕೆ ಅವಧಿ 1 ವರ್ಷ. ಸ್ಥಳೀಯ ಸಂಸ್ಥೆಗಳ ಸಾಧನೆಯನ್ನು ಮೂರು ತಿಂಗಳಿಗೆ ಕನಿಷ್ಠ ಒಮ್ಮೆ ಪರಿಶೀಲಿಸುವುದೂ ಅವರೇ. ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ ಬೇರೆ: ದಿನಕ್ಕೆ 5 ಟನ್‌ಗಿಂತ ಹೆಚ್ಚು ಕಸ ನಿರ್ವಹಿಸುವ ಘಟಕಕ್ಕೆ ಸ್ಥಳೀಯ ಸಂಸ್ಥೆ ನಮೂನೆ 1ರಲ್ಲಿ ಅರ್ಜಿ ಹಾಕಬೇಕು, ಮಂಡಳಿ ಪರಿಶೀಲಿಸಿ ಅಧಿಕಾರಪತ್ರ ಕೊಡಬೇಕು. ಜಾರಿಯನ್ನು ಮಂಡಳಿ ವರ್ಷಕ್ಕೆ ಕನಿಷ್ಠ ಎರಡು ಸಲ ಪರಿಶೀಲಿಸಬೇಕು. ಜಾಗ ಎಂದರೆ ಜಿಲ್ಲಾಧಿಕಾರಿ, ಅನುಮತಿ ಎಂದರೆ ಮಂಡಳಿ, ನಡೆಸುವುದು ಎಂದರೆ ಪುರಸಭೆ ಎಂದು ಇಟ್ಟುಕೊಂಡರೆ ಈ ಮೂವರೂ ಗೊಂದಲವಾಗುವುದಿಲ್ಲ.

ವಾರ್ಷಿಕ ವರದಿಯ ಸರಪಳಿಯನ್ನು ಇದೇ ಜಾಗದಲ್ಲಿ ಬರೆದುಕೊಳ್ಳಿ. 2016ರ ನಿಯಮ 24ರಂತೆ ಘಟಕ ನಡೆಸುವವರು ಏಪ್ರಿಲ್ 30ರೊಳಗೆ ಸ್ಥಳೀಯ ಸಂಸ್ಥೆಗೆ, ಸ್ಥಳೀಯ ಸಂಸ್ಥೆ ಜೂನ್ 30ರೊಳಗೆ ರಾಜ್ಯ ಮಂಡಳಿಗೂ ರಾಜ್ಯದ ಮೇಲಧಿಕಾರಿಗಳಿಗೂ, ರಾಜ್ಯ ಮಂಡಳಿ ಜುಲೈ 31ರೊಳಗೆ ಕೇಂದ್ರ ಮಂಡಳಿಗೆ, ಕೇಂದ್ರ ಮಂಡಳಿ ಆಗಸ್ಟ್ 31ರೊಳಗೆ ಸಚಿವಾಲಯಕ್ಕೆ ವರದಿ ಕೊಡಬೇಕು. ನಾಲ್ಕೂ ತಿಂಗಳ ಕೊನೆಯ ದಿನಗಳೇ, ನಡುವೆ ತಪ್ಪಿಸಿಕೊಂಡಿರುವುದು ಮೇ ಒಂದೇ. ಸ್ಥಳೀಯ ಸಂಸ್ಥೆಗೆ ತನ್ನ ಲೆಕ್ಕ ಒಟ್ಟುಮಾಡಲು ಎರಡು ತಿಂಗಳು ಬಿಟ್ಟಿದ್ದಾರೆ ಎಂದುಕೊಂಡರೆ ಮರೆಯುವುದಿಲ್ಲ.

ಸುಡಲು ತಕ್ಕ ಕಸದ ವಿಷಯದಲ್ಲಿ ಬಲಪುಟಕ್ಕೆ ಇನ್ನೊಂದು ಸಾಲು ಸೇರುತ್ತದೆ. ಮರುಬಳಕೆಗೆ ಬಾರದ, ಕಿಲೋಗೆ 1,500 ಕಿಲೋಕ್ಯಾಲರಿ ಅಥವಾ ಹೆಚ್ಚು ಶಾಖಮೌಲ್ಯದ ಕಸವನ್ನು ನೆಲಭರ್ತಿಗೆ, ಅಂದರೆ ಉಳಿದ ಕಸವನ್ನು ಕೊನೆಗೆ ಹೂಳುವ ಜಾಗಕ್ಕೆ, ಹಾಕುವಂತಿಲ್ಲ ಎಂದು 2016ರ ನಿಯಮವೇ ಹೇಳಿತ್ತು. ಅದರಿಂದ ತಯಾರಾದ ಇಂಧನವನ್ನು ಘಟಕದಿಂದ 100 ಕಿಲೋಮೀಟರ್ ಒಳಗಿನ, ಇಂಧನ ಬಳಸುವ ಕೈಗಾರಿಕೆಗಳು ತಮ್ಮ ಇಂಧನದ ಕನಿಷ್ಠ ಶೇ 5ರಷ್ಟಕ್ಕೆ ಬದಲಿಯಾಗಿ ಬಳಸಬೇಕಿತ್ತು. 2026ರಲ್ಲಿ ಈ ಪಾಲು 6 ವರ್ಷಗಳಲ್ಲಿ ಶೇ 5ರಿಂದ ಶೇ 15ಕ್ಕೆ ಏರಬೇಕು.

ಆರನೆಯ ಹಂತ: ಒಂದು ಪ್ರಕರಣವನ್ನು ಪೂರ್ತಿ ಬಿಡಿಸಿ

ಇಲ್ಲಿಯವರೆಗಿನ ಅಂಶಗಳನ್ನು ಒಂದು ಕಲ್ಪಿತ ಪುರಸಭೆಗೆ ಅನ್ವಯಿಸೋಣ. ಜನಸಂಖ್ಯೆ 40,000, ತಲಾ 300 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 12 ಟನ್ ಕಸ, ಅದರಲ್ಲಿ ಅರ್ಧ ಹಸಿ ಕಸ. ಊರಾಚೆಯ ಕೆರೆಯಿಂದ 80 ಮೀಟರ್ ದೂರದಲ್ಲಿ ಹಲವು ವರ್ಷಗಳಿಂದ ಎಲ್ಲವನ್ನೂ ಬೆರಕೆಯಾಗಿ ಸುರಿಯಲಾಗುತ್ತಿದೆ, ಬೇಸಿಗೆಯಲ್ಲಿ ರಾಶಿಗೆ ಬೆಂಕಿ ಬೀಳುತ್ತದೆ. ಅದೇ ಜಾಗದಲ್ಲಿ ಕಾಂಪೋಸ್ಟ್ ಘಟಕ ಮತ್ತು ನೆಲಭರ್ತಿ ಮಾಡಲು ಪುರಸಭೆ ಬಯಸಿದೆ. 2016ರ ನಿಯಮಗಳ ಬೆಳಕಿನಲ್ಲಿ ಪರಿಶೀಲಿಸಿ ಎಂಬುದು ಪ್ರಶ್ನೆ.

ಉತ್ತರವನ್ನು ಅಂತರದಿಂದ ಆರಂಭಿಸಿ. ನೆಲಭರ್ತಿ ಜಾಗ ನದಿಯಿಂದ 100 ಮೀಟರ್, ಕೊಳದಂಥ ನಿಂತ ನೀರಿನಿಂದ 200 ಮೀಟರ್, ಹೆದ್ದಾರಿ, ಜನವಸತಿ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕು. 80 ಮೀಟರ್ ಎಂಬಲ್ಲಿಗೇ ಈ ಜಾಗ ನೆಲಭರ್ತಿಗೆ ಅನರ್ಹ, ಆದ್ದರಿಂದ ಬೇರೆ ಜಾಗಕ್ಕಾಗಿ ಪುರಸಭೆ ಜಿಲ್ಲಾಧಿಕಾರಿಯ ಮೊರೆ ಹೋಗಬೇಕು. ನದಿಯ 100 ಮೀಟರನ್ನು ಕೆರೆಗೆ ಅನ್ವಯಿಸಿ ಬರೆಯುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಎರಡನೆಯದಾಗಿ ಪ್ರಮಾಣ. ಹಸಿ ಕಸ ದಿನಕ್ಕೆ 6 ಟನ್, ಅಂದರೆ 5 ಟನ್‌ಗಿಂತ ಹೆಚ್ಚು, ಆದ್ದರಿಂದ ಕಾಂಪೋಸ್ಟ್ ಘಟಕಕ್ಕೆ ಮಂಡಳಿಯ ಅಧಿಕಾರಪತ್ರ ಬೇಕು. ಇದೇ 6 ಟನ್ನನ್ನು ಎರಡು ವಾರ್ಡುಗಳಲ್ಲಿ ತಲಾ 3 ಟನ್‌ನ ಸಣ್ಣ ಘಟಕಗಳಾಗಿ ಒಡೆದರೆ ಹೇಗೆ ಎಂದೂ ಒಂದು ವಾಕ್ಯ ಸೇರಿಸಬಹುದು. ಸಾಗಣೆಯ ದೂರ ಕಡಿಮೆಯಾಗುತ್ತದೆ, ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ಇಂಥ ವಿಕೇಂದ್ರೀಕರಣಕ್ಕೆ ಕನ್ನಡನಾಡಿನದೇ ಉದಾಹರಣೆ. ಬೆರಕೆ ಕಸವನ್ನು ದೂರದ ಹಳ್ಳಿಗಳಿಗೆ ಸಾಗಿಸಿ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಸುತ್ತಲಿನ ಮಾವಳ್ಳಿಪುರ ಮತ್ತು ಮಂಡೂರು ಸಾಕ್ಷಿ. ಹಳ್ಳಿಗರ ಹೋರಾಟದ ನಂತರ ಮಂಡೂರಿಗೆ ಕಸ ಸಾಗಣೆ 2014ರ ಕೊನೆಗೆ ನಿಂತಿತು.

ಮೂರನೆಯದಾಗಿ ಅವಧಿ. 1 ಲಕ್ಷ ಮತ್ತು ಹೆಚ್ಚು ಜನಸಂಖ್ಯೆಯ ಸಂಸ್ಥೆಗಳಿಗೆ ಸಂಸ್ಕರಣಾ ಘಟಕ ಸ್ಥಾಪಿಸಲು 2 ವರ್ಷ, ಅದಕ್ಕಿಂತ ಕಡಿಮೆ ಇರುವವಕ್ಕೆ 3 ವರ್ಷ. ನಮ್ಮ ಪುರಸಭೆ 40,000ದ್ದಾದ್ದರಿಂದ 3 ವರ್ಷ.

ಕೊನೆಗೆ ಆ ಹಳೆಯ ರಾಶಿ. ಹಳೆಯ ರಾಶಿಗಳನ್ನು ಜೈವಿಕವಾಗಿ ಸಂಸ್ಕರಿಸಲು ಅಥವಾ ಮುಚ್ಚಲು ನಿಯಮ ಕೊಟ್ಟ ಅವಧಿ 5 ವರ್ಷ. ಸಂಸ್ಕರಣೆ ಎಂದರೆ ರಾಶಿಯನ್ನು ಅಗೆದು ಉದ್ದನೆಯ ದಿಬ್ಬಗಳಾಗಿ ಹರವಿ, ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸಿ, ಮಗುಚುತ್ತ ಆರಿಸಿ, ಬಳಿಕ ಜರಡಿಯಲ್ಲಿ ಮಣ್ಣು, ಕಲ್ಲು, ಪ್ಲಾಸ್ಟಿಕ್ ಬೇರೆ ಮಾಡುವುದು. ಕೆರೆಯ ಅಂಚಿನಲ್ಲಿ ಕಪ್ಪು ರಸ ಒಸರುತ್ತಿದ್ದರೆ ಮೇಲೆ ಮಣ್ಣು ಹೊದಿಸಿ ಮುಚ್ಚುವುದರಿಂದ ಮಾತ್ರ ಪ್ರಯೋಜನವಿಲ್ಲ, ರಸ ಕೆಳಗಿನಿಂದ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಈ ಪ್ರಕರಣದಲ್ಲಿ ಸಂಸ್ಕರಣೆಯನ್ನೇ ಶಿಫಾರಸು ಮಾಡಿ. ಬೇಸಿಗೆಯ ಬೆಂಕಿಗೆ ಸಂಬಂಧಿಸಿ, ಅಲ್ಮಿತ್ರಾ ಪಟೇಲ್ ಪ್ರಕರಣದಲ್ಲಿಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ನೆಲಭರ್ತಿ ಜಾಗಗಳೂ ಸೇರಿದಂತೆ ಎಲ್ಲೆಡೆ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಸುಡುವಿಕೆಗೆ 5,000 ರೂಪಾಯಿ, ದೊಡ್ಡ ಪ್ರಮಾಣದ ಸುಡುವಿಕೆಗೆ 25,000 ರೂಪಾಯಿ ಪರಿಹಾರ ವಿಧಿಸಿದ್ದನ್ನು ಬರೆದು ಉತ್ತರ ಮುಗಿಸಬಹುದು.